ಮೂರು ಚಿತ್ರ, ಒಂದು ವಿಡಿಯೋ

ಅಡುಗೆ, ಕೃಷಿ, ಪ್ರವಾಸ, ಪರೀಕ್ಷೆಯ ತಯಾರಿ ಎಂದು ವಾರಕ್ಕೆರಡು ವಿಡಿಯೋ ಹಾಕುವ ಯೂಟ್ಯೂಬ್ ಚಾನೆಲ್‌ಗಳ ಹಿಂದೆ ಹಲವು ಕಡೆ ಒಬ್ಬ ಡಿಸೈನರ್ ಇರುತ್ತಾರೆ. ವಿಡಿಯೋ ತೆರೆಯುವ ಮೊದಲೇ ನಮ್ಮ ಕಣ್ಣಿಗೆ ಬೀಳುವ ಚಿತ್ರವನ್ನು, ಅಂದರೆ ಥಂಬ್‌ನೇಲನ್ನು, ಮಾಡಿಕೊಡುವುದು ಅವರ ಕೆಲಸ. ಚಿತ್ರಕ್ಕಿಷ್ಟು ಎಂದು ಬಿಡಿಯಾಗಿ ದುಡ್ಡು ತೆಗೆದುಕೊಳ್ಳುವವರಿದ್ದಾರೆ, ತಿಂಗಳ ಪ್ಯಾಕೇಜ್ ಮಾಡಿಕೊಂಡವರೂ ಇದ್ದಾರೆ. ತಿಂಗಳ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲ ಹೆಚ್ಚು: ಒಂದೇ ಚಾನೆಲ್‌ನ ನೋಡುಗರಿಗೆ ಏನು ಹಿಡಿಸುತ್ತದೆ ಎಂಬುದನ್ನು ಪರೀಕ್ಷೆ ಮಾಡಿ ತಿಳಿದುಕೊಳ್ಳಬಹುದು. ಆ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಚಿತ್ರ ಬಿಡಿಸುವುದಕ್ಕಿಂತ ಕಷ್ಟ.

ಎಣಿಕೆ ಹೇಗೆ

ಯೂಟ್ಯೂಬ್‌ನ ಪಟ್ಟಿಯಲ್ಲಿ ಒಂದು ಥಂಬ್‌ನೇಲ್‌ನ ಅರ್ಧದಷ್ಟಾದರೂ ಭಾಗ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಪರದೆಯ ಮೇಲೆ ಕಂಡರೆ ಅದನ್ನು ಒಂದು ಇಂಪ್ರೆಷನ್ ಎಂದು ಎಣಿಸುತ್ತಾರೆ. ನೂರು ಇಂಪ್ರೆಷನ್‌ಗೆ ಐದು ಮಂದಿ ಒತ್ತಿ ಒಳಗೆ ಬಂದರೆ ಕ್ಲಿಕ್ ದರ ಶೇ 5. ಯೂಟ್ಯೂಬೇ ಹೇಳುವಂತೆ ಅರ್ಧದಷ್ಟು ಚಾನೆಲ್ ಮತ್ತು ವಿಡಿಯೋಗಳ ದರ ಶೇ 2ರಿಂದ 10ರ ಒಳಗಿರುತ್ತದೆ.

ಈ ಅಂಕಿಯನ್ನು ಹಾಗೇ ನಂಬುವಂತಿಲ್ಲ. ವಿಡಿಯೋ ಹೊರಬಂದ ಮೊದಲ ದಿನ ಅದು ಹೆಚ್ಚಾಗಿ ಚಾನೆಲ್‌ನ ಹಳೆಯ ನೋಡುಗರಿಗೆ ಕಾಣುತ್ತದೆ. ಪರಿಚಯದ ಮುಖ, ಹಾಗಾಗಿ ಬೇಗ ಒತ್ತುತ್ತಾರೆ. ವಿಡಿಯೋ ಚೆನ್ನಾಗಿ ಓಡಿತೆಂದರೆ ಚಾನೆಲ್ಲಿನ ಗುರುತೇ ಇಲ್ಲದವರ ಮುಂದೂ ಅದು ಬರತೊಡಗುತ್ತದೆ, ಆಗ ದರ ಇಳಿಯುತ್ತದೆ. ನೋಡುಗರು ಹೆಚ್ಚುತ್ತಿರುವಾಗಲೇ ದರ ಕುಸಿಯುವುದು ಹೀಗೆ. ಇದು ತಿಳಿಯದೆ ಎರಡು ದಿನ ಒಂದು ಚಿತ್ರ, ಮತ್ತೆರಡು ದಿನ ಇನ್ನೊಂದು ಚಿತ್ರ ಹಾಕಿ ಹೋಲಿಸುವವರು ಎರಡು ಬೇರೆ ಬೇರೆ ಜನಸಮೂಹವನ್ನು ಹೋಲಿಸುತ್ತಿರುತ್ತಾರೆ. ತಪ್ಪು ಚಿತ್ರದ್ದಲ್ಲ, ಹೋಲಿಕೆಯದ್ದು.

ಯೂಟ್ಯೂಬ್ ಸ್ಟುಡಿಯೋದಲ್ಲಿ 2024ರಲ್ಲಿ ವ್ಯಾಪಕವಾಗಿ ಸಿಕ್ಕ ‘ಟೆಸ್ಟ್ ಅಂಡ್ ಕಂಪೇರ್’ ಸೌಲಭ್ಯ ಈ ತೊಂದರೆಯನ್ನು ನಿವಾರಿಸುತ್ತದೆ. ಒಂದು ವಿಡಿಯೋಗೆ ಮೂರರವರೆಗೆ ಥಂಬ್‌ನೇಲ್ ಕೊಟ್ಟರೆ ಅದು ನೋಡುಗರನ್ನು ಹಂಚಿಕೊಂಡು, ಒಬ್ಬೊಬ್ಬರಿಗೆ ಒಂದೊಂದನ್ನು ಒಂದೇ ಅವಧಿಯಲ್ಲಿ ತೋರಿಸುತ್ತದೆ. ಫಲಿತಾಂಶಕ್ಕೆ ಎರಡು ವಾರದವರೆಗೂ ಹಿಡಿಯಬಹುದು. ಗೆದ್ದ ಚಿತ್ರವನ್ನು ಅದು ಆರಿಸುವುದು ಕ್ಲಿಕ್ ನೋಡಿ ಅಲ್ಲ, ಒಟ್ಟು ವೀಕ್ಷಣೆಯ ಸಮಯದಲ್ಲಿ ಯಾವ ಚಿತ್ರದ ಪಾಲು ಎಷ್ಟು ಎಂದು ನೋಡಿ. ಆಸೆ ಹುಟ್ಟಿಸಿ ಒಳಗೆ ಕರೆದು, ಹತ್ತು ಸೆಕೆಂಡಿನಲ್ಲಿ ಹೊರಗೆ ಓಡುವಂತೆ ಮಾಡಿದ ಚಿತ್ರ ಇಲ್ಲಿ ಸೋಲುತ್ತದೆ.

ಬಣ್ಣ ಬದಲಿಸಿದರೆ ಪರೀಕ್ಷೆಯಲ್ಲ

ಹೊಸಬರು ಮೂರು ಚಿತ್ರ ಮಾಡಿ ಎಂದರೆ ಒಂದೇ ಚಿತ್ರಕ್ಕೆ ಕೆಂಪು, ಹಳದಿ, ನೀಲಿ ಹಿನ್ನೆಲೆ ಕೊಡುತ್ತಾರೆ. ಫಲಿತಾಂಶದಲ್ಲಿ ಮೂರೂ ಸರಿಸುಮಾರು ಒಂದೇ ಬರುತ್ತವೆ, ಯಾಕೆಂದರೆ ಮೂರೂ ಹೇಳುವ ಮಾತು ಒಂದೇ. ಬದಲಾಗಬೇಕಾದದ್ದು ಚಿತ್ರ ಕೊಡುವ ಭರವಸೆ.

ಒಂದು ಉದಾಹರಣೆ ನೋಡೋಣ. ಅಡುಗೆ ಚಾನೆಲ್‌ನ ಗೃಹಿಣಿಯೊಬ್ಬರು ಜೋಳದ ರೊಟ್ಟಿಯ ವಿಡಿಯೋ ಮಾಡಿದ್ದಾರೆ ಎಂದುಕೊಳ್ಳಿ. ಜೋಳದ ಹಿಟ್ಟಿನಲ್ಲಿ ಗೋಧಿಯಂತೆ ಹಿಡಿದಿಡುವ ಅಂಟು ಇಲ್ಲ, ಅದಕ್ಕೇ ಕುದಿಯುವ ನೀರಿನಲ್ಲಿ ಹಿಟ್ಟು ಕಲಸಿ ಚೆನ್ನಾಗಿ ನಾದಬೇಕು, ಇಲ್ಲವಾದರೆ ಬಡಿಯುವಾಗ ಅಂಚು ಒಡೆಯುತ್ತದೆ ಎಂಬುದು ವಿಡಿಯೋದ ತಿರುಳು. ಡಿಸೈನರ್ ಮೊದಲು ಪೂರ್ತಿ ವಿಡಿಯೋ ನೋಡುತ್ತಾರೆ, ಆಮೇಲೆ ಕಾಗದದ ಮೇಲೆ ಮೂರು ಚೌಕ ಗೀಚುತ್ತಾರೆ. ಮೊದಲನೆಯದರಲ್ಲಿ ಹಂಚಿನ ಮೇಲೆ ಉಬ್ಬಿದ ರೊಟ್ಟಿ ಮಾತ್ರ, ಅಕ್ಷರವೇ ಇಲ್ಲ. ಅದು ಹಸಿವಿಗೆ ಕೊಟ್ಟ ಕರೆ. ಎರಡನೆಯದರಲ್ಲಿ ಎಡಕ್ಕೆ ಅಂಚು ಒಡೆದ ರೊಟ್ಟಿ, ಬಲಕ್ಕೆ ನುಣುಪಾದ ರೊಟ್ಟಿ, ಮೇಲೆ ‘ಬಿರುಕು ಏಕೆ?’ ಎಂಬ ಎರಡೇ ಪದ. ಇದು ಸೋತವರಿಗೆ ಹೇಳಿದ ಮಾತು. ಮೂರನೆಯದರಲ್ಲಿ ಹಿಟ್ಟಿಗೆ ಹಬೆಯಾಡುವ ನೀರು ಸುರಿಯುತ್ತಿರುವ ಕೈ, ಪಕ್ಕದಲ್ಲಿ ಆಕೆಯ ಮುಖ. ಇದು ಗುಟ್ಟೊಂದನ್ನು ಹೇಳುತ್ತೇನೆ ಎನ್ನುವ ಚಿತ್ರ. ‘ಜೋಳದ ರೊಟ್ಟಿ’ ಎಂಬ ಹೆಸರು ವಿಡಿಯೋದ ಶೀರ್ಷಿಕೆಯಲ್ಲೇ ಇರುವುದರಿಂದ ಚಿತ್ರದಲ್ಲಿ ಅದನ್ನು ಮತ್ತೆ ಬರೆಯುವುದಿಲ್ಲ.

ಎರಡನೆಯ ಚಿತ್ರ ಗೆದ್ದಿತು ಎಂದುಕೊಳ್ಳಿ. ಅದರಿಂದ ತಿಳಿದದ್ದು ಇಷ್ಟೇ: ಈ ವಿಡಿಯೋದ ಮಟ್ಟಿಗೆ, ತೊಂದರೆಯನ್ನು ತೋರಿಸಿದ್ದು ಕೆಲಸ ಮಾಡಿತು. ಮುಂದೆ ಹರಿಯುವ ಹೋಳಿಗೆ, ಗಟ್ಟಿಯಾಗುವ ಇಡ್ಲಿ, ಎಣ್ಣೆ ಕುಡಿಯುವ ವಡೆಗೂ ಅದೇ ಬಗೆಯನ್ನು ಬೇರೆ ಎರಡರ ಜೊತೆ ಇಟ್ಟು ನೋಡಬೇಕು. ಮೂರು ನಾಲ್ಕು ಸಲ ಅದೇ ಗೆದ್ದರೆ ಮಾತ್ರ ಅದು ಈ ಚಾನೆಲ್‌ಗೆ ಹೊಂದುವ ಶೈಲಿ.

ಈ ಚಿತ್ರಗಳಿಗೆ ವಿಡಿಯೋದಿಂದ ಫ್ರೇಮ್ ಕಿತ್ತರೆ ಸಾಲದು. ಕೈ ಆಡುತ್ತಿರುವಾಗ ವಿಡಿಯೋದ ಫ್ರೇಮ್ ಮಸುಕಾಗಿರುತ್ತದೆ. ಒಡೆದ ರೊಟ್ಟಿಯಂತೂ ವಿಡಿಯೋದಲ್ಲಿ ಇರುವುದೇ ಇಲ್ಲ. ಹಾಗಾಗಿ ಶೂಟಿಂಗ್ ದಿನವೇ ಅದೇ ಬೆಳಕಿನಲ್ಲಿ ನಾಲ್ಕೈದು ಫೋಟೊ ಬೇರೆ ತೆಗೆದಿಡಿ ಎಂದು ಡಿಸೈನರ್ ಮೊದಲೇ ಕೇಳಿಕೊಳ್ಳಬೇಕು.

ಕನ್ನಡದ ಒತ್ತು, ಪುಟ್ಟ ಪರದೆ

ಚಿತ್ರವನ್ನು 1280×720 ಪಿಕ್ಸೆಲ್‌ನಲ್ಲಿ ಮಾಡುತ್ತಾರೆ, ಆದರೆ ಫೋನಿನ ಹುಡುಕಾಟದ ಪಟ್ಟಿಯಲ್ಲಿ ಅದು ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿ ಕಾಣಬಹುದು, ಅಷ್ಟೆ. ಇಲ್ಲಿ ಕನ್ನಡದ್ದೇ ಆದ ಒಂದು ಕಷ್ಟವಿದೆ. ನಮ್ಮ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು. ಒಂದೇ ಎತ್ತರದ ಪಟ್ಟಿಯಲ್ಲಿ ಕನ್ನಡ ಬರೆಯಲು ಮೂಲ ಅಕ್ಷರವನ್ನು ಇಂಗ್ಲಿಷಿಗಿಂತ ಚಿಕ್ಕದು ಮಾಡಬೇಕಾಗುತ್ತದೆ. ದಪ್ಪ ಫಾಂಟಿಗೆ ಸುತ್ತ ಕಪ್ಪು ಗೆರೆ ಎಳೆದರೆ ಒತ್ತಕ್ಷರದ ಒಳಗಿನ ಸಂದುಗಳು ತುಂಬಿಹೋಗಿ ಬರಿ ಚುಕ್ಕೆಯಾಗುತ್ತದೆ. ‘ಬಿರುಕು ಏಕೆ’ ಎಂಬುದರಲ್ಲಿ ಒಂದೂ ಒತ್ತಿಲ್ಲ, ಅದಕ್ಕೇ ಅದು ದೂರದಿಂದಲೂ ಓದಿಗೆ ಸಿಗುತ್ತದೆ. ಅದನ್ನೇ ‘ಅಂಚು ಒಡೆಯುತ್ತಿದೆಯೇ?’ ಎಂದು ಬರೆದರೆ ಒತ್ತೂ ಬಂತು, ಉದ್ದವೂ ಆಯಿತು. ಪದ ಆರಿಸುವಾಗಲೇ ಇದನ್ನು ನೋಡಿಕೊಳ್ಳುವವರು ಪಳಗಿದ ಡಿಸೈನರ್‌ಗಳು.

ಅನೆಕ್ ಕನ್ನಡ, ಬಾಲೂ ತಮ್ಮ 2, ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ. ಅನೆಕ್‌ನಲ್ಲಿ ದಪ್ಪದ ಜೊತೆ ಅಗಲವನ್ನೂ ಹೆಚ್ಚುಕಡಿಮೆ ಮಾಡಬಹುದಾದ್ದರಿಂದ ಕಿರಿದಾದ ಜಾಗಕ್ಕೆ ಅನುಕೂಲ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಲಿಪಿಗಳ ಜೋಡಣೆಯ ಆಯ್ಕೆ ಹಾಕದಿದ್ದರೆ ಒತ್ತು ಕೆಳಗೆ ಕೂರದೆ, ಅಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಕನ್ನಡ ಓದಲು ಬಾರದ ಡಿಸೈನರ್‌ಗೆ ಇದು ಕಾಣುವುದೇ ಇಲ್ಲ, ಚಾನೆಲ್‌ನವರ ಕೈಗೆ ಹೋದ ಮೇಲೇ ತಪ್ಪು ಹೊರಬೀಳುತ್ತದೆ.

ಕೊನೆಯ ತಪಾಸಣೆ ಸರಳ. ಚಿತ್ರವನ್ನು ಹತ್ತನೇ ಒಂದು ಪಾಲಿಗೆ ಕುಗ್ಗಿಸಿ, ಬಣ್ಣ ತೆಗೆದು ಕಪ್ಪುಬಿಳುಪು ಮಾಡಿ ನೋಡಬೇಕು. ರೊಟ್ಟಿ ಯಾವುದು, ಹಂಚು ಯಾವುದು ಎಂದು ಆಗಲೂ ತಿಳಿದರೆ ಸರಿ. ಕೆಳಗಿನ ಬಲಮೂಲೆಯಲ್ಲಿ ವಿಡಿಯೋದ ಅವಧಿ ಕೂರುವುದರಿಂದ ಅಲ್ಲಿ ಏನನ್ನೂ ಇಡಬಾರದು.

ಸಣ್ಣ ಚಾನೆಲ್‌ನ ಗೊಂದಲ

ಪರೀಕ್ಷೆಗೂ ಒಂದು ಮಿತಿ ಇದೆ. ಒಂದು ವಿಡಿಯೋಗೆ 9,000 ಇಂಪ್ರೆಷನ್ ಬಂದಿದೆ ಎಂದುಕೊಳ್ಳಿ. ಮೂರು ಪಾಲಾದರೆ ತಲಾ 3,000. ಶೇ 5ರ ದರದಲ್ಲಿ ತಲಾ 150 ಕ್ಲಿಕ್. ಇಂಥ ಸಣ್ಣ ಲೆಕ್ಕದಲ್ಲಿ ಒಂದೇ ಚಿತ್ರವನ್ನು ಮೂರು ಸಲ ಹಾಕಿದ್ದರೂ 138, 150, 162 ಎಂಬಷ್ಟು ಅಂತರ ಬರಿಯ ಆಕಸ್ಮಿಕದಿಂದಲೇ ಬರಬಹುದು. ಹಾಗಾಗಿ 165 ಕ್ಲಿಕ್ ಬಂದ ಚಿತ್ರ 150 ಬಂದದ್ದಕ್ಕಿಂತ ಮೇಲು ಎನ್ನಲು ಬರುವುದಿಲ್ಲ. ಅದೇ 90,000 ಇಂಪ್ರೆಷನ್ ಬಂದು 1,500ಕ್ಕೆ ಎದುರಾಗಿ 1,650 ಕಂಡರೆ ಅದನ್ನು ನಂಬಬಹುದು. ಎರಡು ಕಡೆಯೂ ಅಂತರ ಶೇ 10ರಷ್ಟೇ, ಬದಲಾದದ್ದು ಎಣಿಕೆಯ ಗಾತ್ರ.

ಸಣ್ಣ ಚಾನೆಲ್‌ಗಳ ಪರೀಕ್ಷೆ ಹಲವು ಸಲ ಯಾವುದೂ ಗೆಲ್ಲದೆ ಮುಗಿಯುವುದು ಇದರಿಂದಲೇ. ಅಂಥವರಿಗೆ ಪ್ರತಿ ವಿಡಿಯೋಗೂ ಮೂರು ಚಿತ್ರ ಮಾರುವುದು ಅವರ ದುಡ್ಡು ಪೋಲು ಮಾಡಿದಂತೆ. ಇನ್ನೂ ನೋಡುಗರು ಬರುತ್ತಿರುವ ಒಂದೆರಡು ಹಳೆಯ ವಿಡಿಯೋಗಳನ್ನು ಆರಿಸಿ ಅವುಗಳಲ್ಲಿ ಪರೀಕ್ಷೆ ಮಾಡುವುದು ಮೇಲು.

ತಿಂಗಳ ಲೆಕ್ಕ

ಪ್ಯಾಕೇಜ್‌ನ ಬೆಲೆ ಕಟ್ಟುವಾಗ ಚಿತ್ರ ಎಣಿಸುವ ಬದಲು ಗಂಟೆ ಎಣಿಸುವುದು ಸುರಕ್ಷಿತ. ತಿಂಗಳಿಗೆ ಎಂಟು ವಿಡಿಯೋ, ಅದರಲ್ಲಿ ನಾಲ್ಕಕ್ಕೆ ಪರೀಕ್ಷೆ ಎಂದಿಟ್ಟುಕೊಳ್ಳಿ. ಪ್ರತಿ ವಿಡಿಯೋ ನೋಡಿ, ಗೀಚಿ, ಮೊದಲ ಚಿತ್ರ ಮುಗಿಸಲು ಎರಡು ಗಂಟೆಯಂತೆ 16 ಗಂಟೆ. ಪರೀಕ್ಷೆಯ ನಾಲ್ಕಕ್ಕೆ ತಲಾ ಎರಡು ಹೆಚ್ಚಿನ ಚಿತ್ರ, ಒಂದಕ್ಕೆ ಮುಕ್ಕಾಲು ಗಂಟೆಯಂತೆ 6 ಗಂಟೆ. ತಿದ್ದುಪಡಿಗೆ 4, ತಿಂಗಳ ಕೊನೆಯ ವರದಿಗೆ 2. ಒಟ್ಟು 28 ಗಂಟೆ. ಗಂಟೆಗೆ 400 ರೂಪಾಯಿ ಎಂದು ಲೆಕ್ಕ ಹಾಕುವವರಿಗೆ 11,200 ರೂಪಾಯಿ ಬರಬೇಕು. ಇದೇ 16 ಚಿತ್ರಗಳನ್ನು ‘ಚಿತ್ರಕ್ಕೆ 500’ ಎಂದು ಒಪ್ಪಿಕೊಂಡವರಿಗೆ ಸಿಗುವುದು 8,000. ವ್ಯತ್ಯಾಸ ಬಂದದ್ದು ವಿಡಿಯೋ ನೋಡುವ, ತಿದ್ದುವ, ವರದಿ ಬರೆಯುವ ಹೊತ್ತನ್ನು ಎಣಿಸದೆ ಬಿಟ್ಟದ್ದರಿಂದ.

ಜಗಳವಾಗುವ ಜಾಗಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಒಂದು ಚಿತ್ರಕ್ಕೆ ಎಷ್ಟು ಸಲ ತಿದ್ದುಪಡಿ, ವಿಡಿಯೋ ಕೈಗೆ ಬಂದ ಎಷ್ಟು ಗಂಟೆಗೆ ಚಿತ್ರ, ಈ ತಿಂಗಳು ಆರೇ ವಿಡಿಯೋ ಬಂದರೆ ಉಳಿದ ಎರಡು ಮುಂದಿನ ತಿಂಗಳಿಗೆ ಸೇರುತ್ತವೆಯೇ, ಮೂಲ ಫೈಲ್ ಯಾರದು ಎಂಬುದು ಮುಖ್ಯ. ಚಾನೆಲ್‌ನ ಪಾಸ್‌ವರ್ಡ್ ಕೇಳುವ ಅಗತ್ಯವಿಲ್ಲ. ಸ್ಟುಡಿಯೋದ ಅನುಮತಿಗಳಲ್ಲಿ ಆದಾಯದ ವಿವರ ಕಾಣದಂತೆ ಸೀಮಿತ ಎಡಿಟರ್ ಆಗಿ ಸೇರಿಸುವ ವ್ಯವಸ್ಥೆ ಇದೆ.

ಇನ್ನೊಂದು ಷರತ್ತು ಡಿಸೈನರ್ ಕಡೆಯಿಂದ ಇರಬೇಕು: ವಿಡಿಯೋದಲ್ಲಿ ಇಲ್ಲದ್ದನ್ನು ಚಿತ್ರದಲ್ಲಿ ಹಾಕುವುದಿಲ್ಲ. ಒಳಗೆ ಇಲ್ಲದ್ದನ್ನು ಶೀರ್ಷಿಕೆಯಲ್ಲೋ ಥಂಬ್‌ನೇಲ್‌ನಲ್ಲೋ ತೋರಿಸುವ ವಿಡಿಯೋಗಳ ಮೇಲೆ, ಅದರಲ್ಲೂ ಸುದ್ದಿ ಮತ್ತು ಪ್ರಚಲಿತ ವಿದ್ಯಮಾನಗಳವುಗಳ ಮೇಲೆ, ಭಾರತದಲ್ಲಿ ಕ್ರಮ ಬಿಗಿಗೊಳಿಸುವುದಾಗಿ ಯೂಟ್ಯೂಬ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದೆ. ವಿಡಿಯೋ ತೆಗೆದುಹಾಕಿದರೆ ನಷ್ಟ ಚಾನೆಲ್‌ನವರಿಗೆ.

ತಿಂಗಳ ಕೊನೆಯ ವರದಿ ಒಂದು ಪುಟ ಮೀರಬೇಕಿಲ್ಲ. ಯಾವ ವಿಡಿಯೋದಲ್ಲಿ ಯಾವ ಮೂರು ಭರವಸೆ ಇಟ್ಟೆವು, ಎಷ್ಟು ಇಂಪ್ರೆಷನ್ ಬಂತು, ಯಾವುದು ಗೆದ್ದಿತು ಅಥವಾ ಯಾವುದೂ ಗೆಲ್ಲಲಿಲ್ಲ, ಮುಂದಿನ ತಿಂಗಳು ಯಾವುದನ್ನು ಮತ್ತೆ ಪರೀಕ್ಷಿಸುತ್ತೇವೆ, ಇಷ್ಟು ಸಾಕು. ಅದರಲ್ಲಿ ‘ವೀಕ್ಷಣೆ ಇಷ್ಟು ಹೆಚ್ಚಿಸಿಕೊಡುತ್ತೇವೆ’ ಎಂಬ ಮಾತು ಇರಕೂಡದು. ವಿಡಿಯೋ ಚೆನ್ನಾಗಿಲ್ಲದಿದ್ದರೆ ಗೆದ್ದ ಚಿತ್ರವೂ ಅದನ್ನು ಓಡಿಸಲಾರದು. ಹಾಗೆ ಖಾತ್ರಿ ಕೊಡುವ ಡಿಸೈನರ್‌ಗಿಂತ ‘ಈ ತಿಂಗಳು ಸ್ಪಷ್ಟ ಉತ್ತರ ಸಿಗಲಿಲ್ಲ’ ಎಂದು ಬರೆದುಕೊಡುವವರಿಗೆ ದುಡ್ಡು ಕೊಡುವುದು ಚಾನೆಲ್‌ನವರಿಗೆ ಲಾಭ.