ನಾಗರಿಕ ಸಹಭಾಗಿತ್ವದ ಏಣಿ

ನಾಗರಿಕ ಸಹಭಾಗಿತ್ವದ ಏಣಿ ಎಂಬುದು ಸಾರ್ವಜನಿಕ ಯೋಜನೆಗಳನ್ನು ರೂಪಿಸುವಾಗ ಜನರಿಗೆ ವಾಸ್ತವವಾಗಿ ಎಷ್ಟು ಅಧಿಕಾರ ದೊರೆಯುತ್ತದೆ ಎಂಬುದನ್ನು ಎಂಟು ಮೆಟ್ಟಿಲುಗಳಲ್ಲಿ ವಿಂಗಡಿಸಿ ತೋರಿಸುವ ಪರಿಕಲ್ಪನೆ. ಇದನ್ನು ಅಮೆರಿಕದ ಷೆರ್ರಿ ಆರ್ನ್‌ಸ್ಟೈನ್ ಅವರು 1969ರಲ್ಲಿ ಅಲ್ಲಿನ ನಗರ ಯೋಜಕರ ಸಂಸ್ಥೆಯ ನಿಯತಕಾಲಿಕದಲ್ಲಿ ಮಂಡಿಸಿದರು. ಸಭೆ ಕರೆಯುವುದು, ಅಭಿಪ್ರಾಯ ಕೇಳುವುದು ಮತ್ತು ತೀರ್ಮಾನದ ಹಕ್ಕನ್ನು ಬಿಟ್ಟುಕೊಡುವುದು ಈ ಮೂರೂ ಬೇರೆ ಬೇರೆ ಎಂಬುದು ಇದರ ತಿರುಳು. ಈ ಲೇಖನವು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ (ತಿ. ನರಸೀಪುರ) ತಾಲ್ಲೂಕುಗಳ ವಾರ್ಡ್ ಮಟ್ಟದ ವ್ಯವಸ್ಥೆಯನ್ನು ಉದಾಹರಣೆಯಾಗಿಟ್ಟುಕೊಂಡು ಅದನ್ನು ವಿವರಿಸುತ್ತದೆ.

## ಹಿನ್ನೆಲೆ

ಅಮೆರಿಕದ ಹಿಂದುಳಿದ ನಗರ ಪ್ರದೇಶಗಳ ಸುಧಾರಣೆಗಾಗಿ 1966ರಲ್ಲಿ ‘ಮಾಡೆಲ್ ಸಿಟೀಸ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಇದರಲ್ಲಿ ನಿವಾಸಿಗಳು ಭಾಗವಹಿಸಬೇಕೆಂಬ ನಿಯಮವಿತ್ತು. ಆರ್ನ್‌ಸ್ಟೈನ್ ಅವರು ಈ ಕಾರ್ಯಕ್ರಮದ ಆಡಳಿತದಲ್ಲಿ ನಾಗರಿಕ ಸಹಭಾಗಿತ್ವದ ಸಲಹೆಗಾರರಾಗಿದ್ದರು. ಒಂದೇ ನಿಯಮವನ್ನು ಕೆಲವು ನಗರಗಳು ಸಹಿ ಸಂಗ್ರಹಕ್ಕಷ್ಟೇ ಬಳಸಿದರೆ, ಕೆಲವೆಡೆ ನಿವಾಸಿಗಳು ಯೋಜನೆಯ ಮೇಲೆ ನಿಜವಾದ ಹಿಡಿತ ಪಡೆದರು. ಈ ಅಂತರವನ್ನು ಹೆಸರಿಸುವ ಪ್ರಯತ್ನವೇ ಏಣಿಯ ಕಲ್ಪನೆ.

## ಎಂಟು ಮೆಟ್ಟಿಲುಗಳು

ಕೆಳಗಿನ ಎರಡು ಮೆಟ್ಟಿಲುಗಳು ಸಹಭಾಗಿತ್ವವೇ ಅಲ್ಲ. ಮೊದಲನೆಯದು *ಬಳಸಿಕೊಳ್ಳುವಿಕೆ*: ಮೊದಲೇ ಆದ ತೀರ್ಮಾನಕ್ಕೆ ಜನರ ಹೆಸರನ್ನು ಸೇರಿಸಿಕೊಳ್ಳುವುದು. ಎರಡನೆಯದು *ಚಿಕಿತ್ಸೆ*: ಆಡಳಿತದ ದೋಷವನ್ನು ಬಿಟ್ಟು, ತಿದ್ದಬೇಕಾದುದು ಜನರ ನಡವಳಿಕೆಯನ್ನೇ ಎಂದು ಭಾವಿಸುವುದು. ಚರಂಡಿಯಿಲ್ಲದ ಬೀದಿಯವರು ಚರಂಡಿ ಕೇಳಿದಾಗ ಸ್ವಚ್ಛತೆಯ ಉಪನ್ಯಾಸ ಏರ್ಪಡಿಸುವುದು ಈ ಬಗೆಯದು.

ನಡುವಿನ ಮೂರು ಮೆಟ್ಟಿಲುಗಳನ್ನು ಆರ್ನ್‌ಸ್ಟೈನ್ ತೋರಿಕೆಯ ಸಹಭಾಗಿತ್ವ ಎಂದು ಕರೆದರು. ಮೂರನೆಯ ಮೆಟ್ಟಿಲಾದ *ಮಾಹಿತಿ ನೀಡಿಕೆ*ಯಲ್ಲಿ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಹರಿಯುತ್ತದೆ. ನಾಲ್ಕನೆಯದಾದ *ಸಮಾಲೋಚನೆ*ಯಲ್ಲಿ ಜನರ ಅಭಿಪ್ರಾಯವನ್ನು ಕೇಳುತ್ತಾರೆ. ಅದನ್ನು ಒಪ್ಪುವ ಬಾಧ್ಯತೆ ಇರುವುದಿಲ್ಲ. ಐದನೆಯದು *ಸಮಾಧಾನಪಡಿಸುವಿಕೆ*. ಇಲ್ಲಿ ಕೆಲವರಿಗೆ ಸಮಿತಿಯಲ್ಲಿ ಸ್ಥಾನ ಸಿಗುತ್ತದೆ, ಬಹುಮತ ಮಾತ್ರ ಅಧಿಕಾರಸ್ಥರ ಕೈಯಲ್ಲೇ ಉಳಿಯುತ್ತದೆ.

ಮೇಲಿನ ಮೂರು ಮೆಟ್ಟಿಲುಗಳಲ್ಲಿ ಅಧಿಕಾರ ಜನರ ಕಡೆಗೆ ಸರಿಯುತ್ತದೆ. ಆರನೆಯದಾದ *ಪಾಲುದಾರಿಕೆ*ಯಲ್ಲಿ ಎರಡೂ ಕಡೆಯವರು ಒಪ್ಪಿದ ನಿಯಮವನ್ನು ಒಬ್ಬರೇ ಬದಲಾಯಿಸುವಂತಿಲ್ಲ. ಏಳನೆಯದಾದ *ಪ್ರತ್ಯಾಯೋಜಿತ ಅಧಿಕಾರ*ದಲ್ಲಿ ನಿಗದಿತ ವಿಷಯಗಳಲ್ಲಿ ಜನರ ತೀರ್ಮಾನವೇ ಮೇಲುಗೈ ಪಡೆಯುತ್ತದೆ. ಎಂಟನೆಯದಾದ *ನಾಗರಿಕ ನಿಯಂತ್ರಣ*ದಲ್ಲಿ ಯೋಜನೆ, ಹಣ ಮತ್ತು ನಿರ್ವಹಣೆ ಮೂರೂ ನಿವಾಸಿಗಳ ಕೈಯಲ್ಲಿರುತ್ತವೆ.

## ಪಟ್ಟಣಗಳಲ್ಲಿ

ಸಂವಿಧಾನದ 74ನೆಯ ತಿದ್ದುಪಡಿಯು 1993ರ ಜೂನ್ 1ರಂದು ಜಾರಿಗೆ ಬಂದಿತು. ಅದರಡಿ ಸೇರಿಸಲಾದ 243-ಎಸ್ ವಿಧಿಯು 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯುಳ್ಳ ನಗರಗಳಲ್ಲಿ ವಾರ್ಡ್ ಸಮಿತಿಗಳನ್ನು ಕಡ್ಡಾಯಗೊಳಿಸುತ್ತದೆ. ಮೈಸೂರು ನಗರ ಈ ಮಿತಿಯೊಳಗೆ ಬರುತ್ತದೆ. 2011ರ ಜನಗಣತಿಯಂತೆ ಸುಮಾರು 50 ಸಾವಿರ ಜನರಿದ್ದ ನಂಜನಗೂಡಾಗಲಿ, ಅದಕ್ಕಿಂತಲೂ ಚಿಕ್ಕದಾದ ತಿ. ನರಸೀಪುರವಾಗಲಿ ಬರುವುದಿಲ್ಲ. ಆದ್ದರಿಂದ ಈ ಎರಡು ಪಟ್ಟಣಗಳಲ್ಲಿ ಚುನಾಯಿತ ಸದಸ್ಯನಿಗೂ ಮತದಾರನಿಗೂ ನಡುವೆ ವಾರ್ಡ್ ಸಮಿತಿ ಇರಲೇಬೇಕೆಂಬ ಸಂವಿಧಾನದ ಕಟ್ಟಳೆಯಿಲ್ಲ.

ನಗರಸಭೆ, ಪುರಸಭೆಗಳು ಆಯವ್ಯಯ ಮಂಡನೆಗೆ ಮೊದಲು ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುವ ರೂಢಿಯಿದೆ. ಸಲಹೆಗಳನ್ನು ಬರೆದುಕೊಂಡರೂ ತೀರ್ಮಾನ ಆಡಳಿತದ್ದೇ ಆಗುವುದರಿಂದ ಇದು ನಾಲ್ಕನೆಯ ಮೆಟ್ಟಿಲು.

ಭೂಬಳಕೆಯ ಯೋಜನೆಯಲ್ಲಿಯೂ ಇದೇ ಸ್ಥಿತಿ. ನಂಜನಗೂಡು ಪಟ್ಟಣವು ಮೈಸೂರು–ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶಕ್ಕೆ ಸೇರಿದ್ದು, ಈ ಪ್ರದೇಶಕ್ಕೆ 2031ನೆಯ ಇಸವಿಯನ್ನು ಗುರಿಯಾಗಿಟ್ಟುಕೊಂಡ ಮಹಾಯೋಜನೆ ರಚಿತವಾಗಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ 1961ರ 13ನೆಯ ಪ್ರಕರಣದಂತೆ, ಇಂತಹ ಯೋಜನೆ ಪ್ರಕಟವಾದ 60 ದಿನಗಳೊಳಗೆ ಯಾರು ಬೇಕಾದರೂ ಲಿಖಿತ ಅಭಿಪ್ರಾಯ ಸಲ್ಲಿಸಬಹುದು. ಪ್ರಾಧಿಕಾರವು ಅದನ್ನು ಪರಿಶೀಲಿಸಲೇಬೇಕು, ಆದರೆ ಒಪ್ಪಲೇಬೇಕೆಂದಿಲ್ಲ. ಅಂತಿಮ ಅನುಮೋದನೆ ರಾಜ್ಯ ಸರ್ಕಾರದ್ದು. ನಕ್ಷೆಯಲ್ಲಿ ರಸ್ತೆಯ ಗೆರೆ ಎಳೆದು ಮುಗಿದ ಮೇಲೆ ಜನರ ಸರದಿ ಬರುತ್ತದೆ ಎಂಬುದು ಇಲ್ಲಿ ಗಮನಾರ್ಹ.

## ಗ್ರಾಮಗಳ ವಾರ್ಡ್ ಸಭೆ

ಪಟ್ಟಣದ ಗಡಿ ದಾಟಿದೊಡನೆ ಕಾನೂನು ಬದಲಾಗುತ್ತದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ 1993ರ ಪ್ರಕಾರ ಸುಮಾರು 400 ಜನಸಂಖ್ಯೆಗೆ ಒಬ್ಬ ಗ್ರಾಮ ಪಂಚಾಯಿತಿ ಸದಸ್ಯನಿರುತ್ತಾನೆ. ವಾರ್ಡಿನ ಎಲ್ಲ ಮತದಾರರೂ ವಾರ್ಡ್ ಸಭೆಯ ಸದಸ್ಯರು. ಎರಡು ಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚಿನ ಅಂತರ ಇರಬಾರದು. ಕಾಮಗಾರಿಗಳ ಪ್ರಸ್ತಾವ ಸಿದ್ಧಪಡಿಸಿ ಆದ್ಯತೆಯ ಕ್ರಮ ನಿರ್ಧರಿಸುವುದು, ಅರ್ಹ ಫಲಾನುಭವಿಗಳನ್ನು ಗುರುತಿಸುವುದು, ಬೀದಿದೀಪ ಮತ್ತು ಸಾರ್ವಜನಿಕ ನಲ್ಲಿಗಳ ಸ್ಥಳ ಸೂಚಿಸುವುದು ಈ ಸಭೆಯ ಕಾರ್ಯಗಳು. ಅದರ ಪಟ್ಟಿ ಗ್ರಾಮ ಸಭೆಗೂ ಅಲ್ಲಿಂದ ಪಂಚಾಯಿತಿಗೂ ಹೋಗುತ್ತದೆ. ಹೀಗಾಗಿ ಯೋಜನೆಯ ಮೊದಲ ಹೆಜ್ಜೆಯಲ್ಲಿ ನಂಜನಗೂಡು ಪಟ್ಟಣದ ನಿವಾಸಿಗಿಲ್ಲದ ಹಕ್ಕು ಪಕ್ಕದ ಹಳ್ಳಿಯ ನಿವಾಸಿಗೆ ಇದೆ.

### ಒಂದೇ ಸಭೆ, ಮೂರು ಮೆಟ್ಟಿಲು

ತಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ವಾರ್ಡಿನಲ್ಲಿ 300 ಮತದಾರರಿದ್ದಾರೆಂದು ಭಾವಿಸೋಣ. ಕೋರಂಗೆ ಸದಸ್ಯರ ಹತ್ತನೆಯ ಒಂದು ಭಾಗ ಅಥವಾ 20 ಜನ, ಇವೆರಡರಲ್ಲಿ ಕಡಿಮೆಯಾದುದು ಸಾಕು. 300ರ ಹತ್ತನೆಯ ಒಂದು ಭಾಗ 30 ಆದುದರಿಂದ ಇಲ್ಲಿ 20 ಜನರಿದ್ದರೆ ಸಭೆ ನಡೆಯುತ್ತದೆ. ಕಾಲೋನಿಯ ಬೀದಿಗೆ ಚರಂಡಿ ಬೇಕು, ಇನ್ನೊಂದು ಬೀದಿಗೆ ಕಾಂಕ್ರೀಟ್ ರಸ್ತೆ ಬೇಕು ಎಂಬ ಎರಡು ಬೇಡಿಕೆಗಳಿವೆ.

ಡಂಗುರ ಸಾರದೆ, ಸದಸ್ಯನ ಆಪ್ತರಾದ 20 ಜನರ ಸಹಿಯನ್ನು ಮನೆಮನೆಗೆ ಹೋಗಿ ನಡಾವಳಿ ಪುಸ್ತಕಕ್ಕೆ ಹಾಕಿಸಿದರೆ ಅದು ಮೊದಲನೆಯ ಮೆಟ್ಟಿಲು. ಸಭೆ ನಡೆದು ಎರಡೂ ಬೇಡಿಕೆಗಳನ್ನು ಬರೆದುಕೊಂಡು, ಕ್ರಿಯಾ ಯೋಜನೆಯನ್ನು ಪಂಚಾಯಿತಿ ತನ್ನಿಷ್ಟದಂತೆ ರೂಪಿಸಿದರೆ ನಾಲ್ಕನೆಯದು. ಲಭ್ಯ ಮೊತ್ತವನ್ನು ಮೊದಲೇ ತಿಳಿಸಿ, ಚರಂಡಿಗೆ ಮೊದಲ ಆದ್ಯತೆಯೆಂದು ಸಭೆ ನಿರ್ಣಯಿಸಿ, ಪಂಚಾಯಿತಿ ಆ ಕ್ರಮವನ್ನು ಉಳಿಸಿಕೊಂಡರೆ ಅಥವಾ ಬದಲಿಸಿದ್ದಕ್ಕೆ ಕಾರಣವನ್ನು ಮುಂದಿನ ಸಭೆಗೆ ತಂದು ಒಪ್ಪಿಗೆ ಪಡೆದರೆ ಅದು ಆರನೆಯ ಮೆಟ್ಟಿಲಿಗೆ ಬರುತ್ತದೆ. ಮೂರು ಸಂದರ್ಭಗಳಲ್ಲಿಯೂ ದಾಖಲೆಯಲ್ಲಿ ಉಳಿಯುವುದು ‘ವಾರ್ಡ್ ಸಭೆ ನಡೆಯಿತು’ ಎಂಬ ಒಂದೇ ಮಾತು.

## ಮೆಟ್ಟಿಲನ್ನು ಗುರುತಿಸುವ ಬಗೆ

ವ್ಯತ್ಯಾಸವನ್ನು ಕಡತದಿಂದಲೇ ತಿಳಿಯಬಹುದು. ವಾರ್ಡ್ ಸಭೆಯ ನಡಾವಳಿಯನ್ನೂ ಅದೇ ವರ್ಷದ ಅನುಮೋದಿತ ಕ್ರಿಯಾ ಯೋಜನೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಸಭೆಯ ಮೊದಲ ಆದ್ಯತೆ ಯೋಜನೆಯಲ್ಲಿದೆಯೇ, ಸಭೆಯಲ್ಲಿ ಪ್ರಸ್ತಾಪವೇ ಆಗದ ಕಾಮಗಾರಿ ಯೋಜನೆಗೆ ಸೇರಿದೆಯೇ, ಬದಲಾವಣೆಗೆ ಕಾರಣ ದಾಖಲಾಗಿದೆಯೇ ಎಂಬುದರಿಂದ ಮೆಟ್ಟಿಲು ಗೊತ್ತಾಗುತ್ತದೆ. ಈ ದಾಖಲೆಗಳ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ 2005ರ ಅಡಿಯಲ್ಲಿ ಪಡೆಯಬಹುದು.

## ಮಿತಿಗಳು

ಜನರ ತೀರ್ಮಾನಕ್ಕೆ ಹಣದ ಷರತ್ತೇ ಎಲ್ಲೆಯಾಗುವುದುಂಟು. 15ನೆಯ ಹಣಕಾಸು ಆಯೋಗವು 2021–26ರ ಅವಧಿಗೆ ಗ್ರಾಮೀಣ ಸಂಸ್ಥೆಗಳಿಗೆ ಶಿಫಾರಸು ಮಾಡಿದ ಅನುದಾನದಲ್ಲಿ 60 ಶೇಕಡದಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲಾಗಿತ್ತು. ವಾರ್ಡ್ ಸಭೆ ಸರ್ವಾನುಮತದಿಂದ ರಸ್ತೆ ಕೇಳಿದರೂ ಆ ಭಾಗದ ಹಣವನ್ನು ಅದಕ್ಕೆ ಬಳಸುವಂತಿರಲಿಲ್ಲ. ಇಂತಹ ನಿರಾಕರಣೆಯನ್ನು ತೋರಿಕೆಯ ಸಹಭಾಗಿತ್ವವೆಂದು ಎಣಿಸುವುದು ಸರಿಯಾಗದು. ಷರತ್ತನ್ನು ಸಭೆಗೆ ಮೊದಲೇ ಹೇಳಿತ್ತೇ ಎಂಬುದು ಮುಖ್ಯ.

ಏಣಿಯು ವಾಸ್ತವವನ್ನು ಸರಳಗೊಳಿಸುತ್ತದೆ ಎಂಬುದನ್ನು ಆರ್ನ್‌ಸ್ಟೈನ್ ಅವರೇ ಹೇಳಿದ್ದರು. ನಿಜಜೀವನದಲ್ಲಿ 150 ಮೆಟ್ಟಿಲುಗಳೇ ಇರಬಹುದು, ಅಧಿಕಾರವಿಲ್ಲದವರೆಲ್ಲ ಒಂದೇ ಮನಸ್ಸಿನ ಗುಂಪಲ್ಲ ಎಂಬುದು ಅವರ ಎಚ್ಚರಿಕೆ. ಮೇಲಿನ ಉದಾಹರಣೆಯಲ್ಲಿ ಕೋರಂ ಪೂರೈಸಿದ 20 ಜನರೂ ರಸ್ತೆ ಬೇಕೆಂಬ ಬೀದಿಯವರೇ ಆಗಿದ್ದರೆ, ಸಭೆಯ ತೀರ್ಮಾನವನ್ನು ಪಂಚಾಯಿತಿ ಅಕ್ಷರಶಃ ಪಾಲಿಸಿದರೂ ಕಾಲೋನಿಯವರು ಏಣಿಯ ಬುಡದಲ್ಲಿಯೇ ಉಳಿಯುತ್ತಾರೆ.