ಎರೆ ಮಣ್ಣಿನ ಕೈತೋಟಕ್ಕೆ ಎಷ್ಟು ಗಂಧಕ ಬೇಕು?

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ ಕಡೆಯ ಎರೆ ಭೂಮಿಯಲ್ಲಿ ಕೈತೋಟ ಮಾಡಿದ ಅನೇಕರು ಇದನ್ನು ಕಂಡಿರುತ್ತಾರೆ. ಬೀನ್ಸ್, ಟೊಮೆಟೊ ಮೊದಲು ಚೆನ್ನಾಗಿಯೇ ಏಳುತ್ತವೆ. ತಿಂಗಳು ಕಳೆಯುವಷ್ಟರಲ್ಲಿ ತುದಿಯ ಎಳೆ ಎಲೆಗಳು ಹಳದಿಗೆ ತಿರುಗುತ್ತವೆ, ಅವುಗಳ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬುಡದ ಹಳೆಯ ಎಲೆಗಳಿಗೆ ಏನೂ ಆಗಿರುವುದಿಲ್ಲ. ಇದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಆದರೆ ಪಿಎಚ್ 8ರ ಮೇಲಿರುವುದರಿಂದ ಅದು ನೀರಿನಲ್ಲಿ ಕರಗುವುದಿಲ್ಲ, ಬೇರಿಗೆ ದಕ್ಕುವುದಿಲ್ಲ.

‘ಗಂಧಕ ಹಾಕಿ, ಪಿಎಚ್ ಇಳಿಯುತ್ತದೆ’ ಎಂಬ ಸಲಹೆ ಬರುವುದು ಆಗಲೇ. ಸಲಹೆ ತಪ್ಪಲ್ಲ. ಆದರೆ ಎಷ್ಟು ಗಂಧಕ ಎಂದು ಕೂತು ಲೆಕ್ಕ ಹಾಕಿದರೆ, ಒಂದು ತೋಟಕ್ಕೆ ನಾಲ್ಕು ಕಿಲೊ ಸಾಕಾಗಬಹುದು, ಅಷ್ಟೇ ದೊಡ್ಡದಾದ ಇನ್ನೊಂದಕ್ಕೆ ಎಪ್ಪತ್ತು ಕಿಲೊ ಬೇಕಾಗಬಹುದು. ಎರಡರ ಪಿಎಚ್ ಒಂದೇ ಇದ್ದರೂ ಹೀಗಾಗುತ್ತದೆ.

ಗಂಧಕ ಮಾಡುವ ಕೆಲಸ

ಗಂಧಕದ ಪುಡಿ ತಾನಾಗಿ ಹುಳಿಯಲ್ಲ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಗಾಳಿಯ ಆಮ್ಲಜನಕ ಮತ್ತು ನೀರಿನೊಡನೆ ಸೇರಿಸಿ ಗಂಧಕಾಮ್ಲವಾಗಿ ಮಾರ್ಪಡಿಸುತ್ತವೆ. ಇದಕ್ಕೆ ಬೆಚ್ಚಗಿನ, ಹಸಿ ಆರದ, ಗಾಳಿಯಾಡುವ ಮಣ್ಣು ಬೇಕು. ಹಾಗಿದ್ದರೂ ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ. ಪುಡಿ ನುಣುಪಾದಷ್ಟೂ ಕೆಲಸ ಬೇಗ. ಮಣ್ಣು ಒಣಗಿದರೆ ಕೆಲಸ ನಿಲ್ಲುತ್ತದೆ. ನೀರು ನಿಂತು ಜವಳಾದರೆ ಆಮ್ಲದ ಬದಲು ಕೊಳೆತ ಮೊಟ್ಟೆಯ ವಾಸನೆಯ ಅನಿಲ ಹುಟ್ಟುತ್ತದೆ. ಅದು ಬೇರಿಗೆ ವಿಷ.

ಹುಟ್ಟಿದ ಆಮ್ಲ ಮೊದಲು ಎದುರಾಗುವುದು ಮಣ್ಣಿನಲ್ಲಿರುವ ಸುಣ್ಣಕ್ಕೆ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ. ಎರೆ ಮಣ್ಣು ಅಗೆದಾಗ ಕಾಣುವ ಬಿಳಿ ಹರಳುಗಳು ಇದೇ. ಕಣ್ಣಿಗೆ ಕಾಣದ ನುಣುಪಾದ ಸುಣ್ಣವೂ ಮಣ್ಣಿನ ತುಂಬ ಬೆರೆತಿರುತ್ತದೆ. ಆಮ್ಲ ಸುಣ್ಣವನ್ನು ಕರಗಿಸಿ ಜಿಪ್ಸಂ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ, ಆಮ್ಲ ಅಲ್ಲಿಗೇ ಖರ್ಚಾಗುತ್ತದೆ. ಕುದಿಯುವ ನೀರಿನ ಉಷ್ಣಾಂಶ ನೀರೆಲ್ಲ ಆವಿಯಾಗುವ ತನಕ ಹೇಗೆ ಮೇಲೇರುವುದಿಲ್ಲವೋ, ಹಾಗೆಯೇ ಸುಣ್ಣ ಮುಗಿಯುವ ತನಕ ಮಣ್ಣಿನ ಪಿಎಚ್ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ.

ಹೀಗಾಗಿ ಪಿಎಚ್ ಒಂದರಿಂದಲೇ ಗಂಧಕದ ಲೆಕ್ಕ ಸಿಗುವುದಿಲ್ಲ. ಮಣ್ಣಿನಲ್ಲಿ ಶೇಕಡಾ ಅರ್ಧದಷ್ಟು ಸುಣ್ಣವಿದ್ದರೂ ಪಿಎಚ್ 8.2 ಇರಬಹುದು, ಶೇಕಡಾ 15 ಇದ್ದರೂ ಅಷ್ಟೇ ಇರಬಹುದು. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ ಪಿಎಚ್ ಸೇರಿ ಹನ್ನೆರಡು ಅಂಶಗಳಿವೆ, ಆದರೆ ಸುಣ್ಣದ ಪ್ರಮಾಣ ಅವುಗಳಲ್ಲಿಲ್ಲ. ‘ಮುಕ್ತ ಕ್ಯಾಲ್ಸಿಯಂ ಕಾರ್ಬೊನೇಟ್ ಶೇಕಡಾವಾರು ಬೇಕು’ ಎಂದು ಪ್ರಯೋಗಾಲಯದಲ್ಲಿ ನಾವೇ ಕೇಳಿ ಮಾಡಿಸಿಕೊಳ್ಳಬೇಕು.

ಅದಕ್ಕೂ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಒಣ ಮಣ್ಣನ್ನು ಪುಡಿ ಮಾಡಿ, ಒಂದು ಚಮಚದಷ್ಟನ್ನು ತಟ್ಟೆಯಲ್ಲಿ ಹಾಕಿ, ಮೇಲೆ ಅಡುಗೆಯ ವಿನೆಗರ್ ಸುರಿಯಿರಿ. ಬುರುಬುರು ನೊರೆ ಬಂದರೆ ಸುಣ್ಣ ಸಾಕಷ್ಟಿದೆ ಎಂದರ್ಥ. ಕಿವಿ ಹತ್ತಿರ ತಂದಾಗ ಮಾತ್ರ ಸಣ್ಣ ಸದ್ದು ಕೇಳಿಸಿದರೆ ಸ್ವಲ್ಪ ಇದೆ. ಏನೂ ಆಗದಿದ್ದರೆ ತೀರ ಕಡಿಮೆ ಇರಬಹುದು, ಇಲ್ಲದೆಯೂ ಇರಬಹುದು. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಕೊನೆಯ ಮಾತನ್ನು ಪ್ರಯೋಗಾಲಯವೇ ಹೇಳಬೇಕು.

ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲದ ತೋಟ

ಒಂದು ಲೆಕ್ಕವನ್ನು ಪೂರ್ತಿ ಮಾಡಿ ನೋಡೋಣ. ವಿಜಯಪುರದ ಒಂದು ಹಿತ್ತಲು, 20 ಅಡಿ ಉದ್ದ, 10 ಅಡಿ ಅಗಲ, ಅಂದರೆ 18.6 ಚದರ ಮೀಟರ್. ಪಿಎಚ್ 8.2, ಮುಕ್ತ ಸುಣ್ಣ ಶೇಕಡಾ 6 ಎಂದಿಟ್ಟುಕೊಳ್ಳೋಣ. ತರಕಾರಿಯ ಬೇರು ಹೆಚ್ಚು ಓಡಾಡುವ ಮೇಲಿನ 15 ಸೆಂಟಿಮೀಟರ್ ಮಣ್ಣನ್ನಷ್ಟೇ ಸರಿಪಡಿಸುವ ಗುರಿ.

ಮೊದಲು ಮಣ್ಣಿನ ತೂಕ. ಒಂದು ಚದರ ಮೀಟರಿನಲ್ಲಿ 15 ಸೆಂಟಿಮೀಟರ್ ಆಳದ ಮಣ್ಣು 150 ಲೀಟರ್ ಆಗುತ್ತದೆ. ಲೀಟರಿಗೆ ಸುಮಾರು 1.3 ಕಿಲೊ ಹಿಡಿದರೆ 195 ಕಿಲೊ. ಇಡೀ ತೋಟದ್ದು ಸುಮಾರು 3,600 ಕಿಲೊ.

ಆಮೇಲೆ ಸುಣ್ಣದ ತೂಕ. 3,600 ಕಿಲೊದಲ್ಲಿ ಶೇಕಡಾ 6 ಎಂದರೆ ಸುಮಾರು 217 ಕಿಲೊ.

ಕೊನೆಗೆ ಗಂಧಕ. ರಸಾಯನಶಾಸ್ತ್ರದ ಲೆಕ್ಕದಲ್ಲಿ 32 ಗ್ರಾಂ ಗಂಧಕದಿಂದ ಹುಟ್ಟುವ ಆಮ್ಲ 100 ಗ್ರಾಂ ಸುಣ್ಣವನ್ನು ಕರಗಿಸುತ್ತದೆ. ಸುಣ್ಣದ ತೂಕವನ್ನು 0.32ರಿಂದ ಗುಣಿಸಿದರೆ ಉತ್ತರ ಸಿಗುತ್ತದೆ: ಸುಮಾರು 70 ಕಿಲೊ. ಅದೂ ಶುದ್ಧ ಗಂಧಕ. ಅಂಗಡಿಯಲ್ಲಿ ಸಿಗುವ ಬೆಂಟೋನೈಟ್ ಗಂಧಕದಲ್ಲಿ ಶೇಕಡಾ 90ರಷ್ಟೇ ಗಂಧಕವಿರುವುದರಿಂದ ಕೊಳ್ಳಬೇಕಾದದ್ದು 77 ಕಿಲೊ. ಇಷ್ಟು ಹಾಕಿದ ಮೇಲೂ ಸುಣ್ಣ ಮುಗಿದಿರುತ್ತದೆ ಅಷ್ಟೇ. ಪಿಎಚ್ 6.5ಕ್ಕೆ ಇಳಿಯಲು ಬೇಕಾದ ಗಂಧಕ ಅದರ ಮೇಲೆ ಬೇರೆ.

ಪಿಎಚ್ 8ರಿಂದ 6.5ಕ್ಕೆ ಇಳಿಸಲು ಜೇಡಿ ಮಣ್ಣಿನ ಚದರ ಮೀಟರಿಗೆ ಸುಮಾರು 220 ಗ್ರಾಂ ಗಂಧಕ ಎಂದು ತೋಟಗಾರಿಕೆಯ ಕೋಷ್ಟಕಗಳು ಹೇಳುತ್ತವೆ. ಈ ತೋಟಕ್ಕೆ ಅದು ಬರೀ ನಾಲ್ಕು ಕಿಲೊ. ಕೋಷ್ಟಕ ಸುಳ್ಳಲ್ಲ, ಅದು ಸುಣ್ಣವಿಲ್ಲದ ಮಣ್ಣಿಗೆ ಮಾಡಿದ್ದು. ಸುಣ್ಣದ ಮಣ್ಣಿಗೆ ಆ ನಾಲ್ಕು ಕಿಲೊ ಹಾಕಿದರೆ 217 ಕಿಲೊ ಸುಣ್ಣದಲ್ಲಿ ಹದಿಮೂರು ಕಿಲೊದಷ್ಟು ಕರಗುತ್ತದೆ. ಮುಂದಿನ ವರ್ಷ ಮಣ್ಣು ಪರೀಕ್ಷೆ ಮಾಡಿಸಿದರೆ ಮತ್ತೆ ಅದೇ 8ರ ಆಸುಪಾಸಿನ ಅಂಕಿ ಬರುತ್ತದೆ.

ಎಪ್ಪತ್ತು ಕಿಲೊ ಹಾಕಿಯೇ ಬಿಟ್ಟರೆ?

ಒಂದೇ ಸಲಕ್ಕೆ ಹಾಕುವಂತಿಲ್ಲ. ಕೈತೋಟಕ್ಕೆ ಒಂದು ಹಂಗಾಮಿಗೆ ಚದರ ಮೀಟರಿಗೆ ಸುಮಾರು 100 ಗ್ರಾಂ ಮೀರದಿರುವುದು ಒಳ್ಳೆಯ ಮಿತಿ. ಆ ಮಿತಿಯಲ್ಲಿ ನಮ್ಮ ತೋಟಕ್ಕೆ ಸಲಕ್ಕೆ 1.9 ಕಿಲೊ ಬರುತ್ತದೆ. ವರ್ಷಕ್ಕೆ ಎರಡು ಸಲ ಹಾಕಿದರೂ ಎಪ್ಪತ್ತು ಕಿಲೊ ಮುಗಿಸಲು ಹದಿನೆಂಟು ವರ್ಷಕ್ಕೂ ಹೆಚ್ಚು ಬೇಕು. ಕರಗಿದ ಸುಣ್ಣವೆಲ್ಲ ಮೂರೂವರೆ ಕ್ವಿಂಟಲ್‌ಗೂ ಮಿಕ್ಕ ಜಿಪ್ಸಂ ಆಗುತ್ತದೆ, ಅದು ಮಣ್ಣಿನ ಲವಣಾಂಶವನ್ನೂ ಏರಿಸುತ್ತದೆ.

ಅಷ್ಟರಲ್ಲಿ ಬೋರ್‌ವೆಲ್ ನೀರು ಕ್ಷಾರವನ್ನು ಮತ್ತೆ ತಂದು ಸುರಿಯುತ್ತಿರುತ್ತದೆ. ನೀರಿನ ವರದಿಯಲ್ಲಿ ಕ್ಷಾರೀಯತೆ ಲೀಟರಿಗೆ 300 ಮಿಲಿಗ್ರಾಂ ಇದೆ ಎಂದುಕೊಳ್ಳಿ. ಚದರ ಮೀಟರಿಗೆ ದಿನಕ್ಕೆ ಐದು ಲೀಟರಿನಂತೆ ವರ್ಷದಲ್ಲಿ 200 ದಿನ ನೀರು ಬಿಟ್ಟರೆ ಒಟ್ಟು 18,600 ಲೀಟರ್. ಅದರ ಜೊತೆ ಬರುವ ಕ್ಷಾರ ಸುಮಾರು 5.6 ಕಿಲೊ ಸುಣ್ಣಕ್ಕೆ ಸಮ, ಅದನ್ನು ತಟಸ್ಥಗೊಳಿಸಲೇ 1.8 ಕಿಲೊ ಗಂಧಕ ಬೇಕು. ವರ್ಷಕ್ಕೆ ಹಾಕುವ ಗಂಧಕದಲ್ಲಿ ಹತ್ತಿರಹತ್ತಿರ ಅರ್ಧ ನೀರಿನ ಲೆಕ್ಕಕ್ಕೇ ಹೋಯಿತು. ಎರೆ ಮಣ್ಣು ಬೇಸಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ತನ್ನಷ್ಟಕ್ಕೇ ಮಗುಚಿಕೊಳ್ಳುವ ಮಣ್ಣು. ಕೆಳಗಿನ ಸುಣ್ಣದ ಹರಳು ಮೇಲೆ ಬರುವುದೂ ನಿಲ್ಲುವುದಿಲ್ಲ.

ಆದ್ದರಿಂದ ಶೇಕಡಾ ಎರಡು ಮೂರಕ್ಕಿಂತ ಹೆಚ್ಚು ಸುಣ್ಣವಿರುವಲ್ಲಿ ಇಡೀ ಮಣ್ಣಿನ ಪಿಎಚ್ ಇಳಿಸುವ ಗುರಿಯನ್ನೇ ಕೈಬಿಡುವುದು ಲೇಸು.

ಸುಣ್ಣದ ಮಣ್ಣಲ್ಲಿ ಮಾಡಬಹುದಾದದ್ದು

ಪಿಎಚ್ 8 ಇದ್ದರೂ ಹೆಚ್ಚಿನ ತರಕಾರಿಗಳು ಬದುಕುತ್ತವೆ. ಅವುಗಳಿಗೆ ತೊಂದರೆಯಾಗುವುದು ಕಬ್ಬಿಣ, ಸತು, ರಂಜಕ ದಕ್ಕದಿರುವುದರಿಂದ. ಹಾಗಾಗಿ ಬೇರಿನ ಸುತ್ತ ಮಾತ್ರ ಹುಳಿಯ ಜಾಗ ಮಾಡಿಕೊಟ್ಟರೆ ಸಾಕು. ಗಂಧಕವನ್ನು ಇಡೀ ಮಡಿಗೆ ಎರಚುವ ಬದಲು, ನಾಟಿಗೆ ಒಂದೂವರೆ ತಿಂಗಳು ಮೊದಲು ಗಿಡದ ಸಾಲಿನುದ್ದಕ್ಕೂ ಸಣ್ಣ ಗಾಡಿ ತೆಗೆದು, ಪ್ರತಿ ಮೀಟರಿಗೆ ಸುಮಾರು 50 ಗ್ರಾಂ ಪುಡಿಯನ್ನು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಿ ಹಾಕಿ, ಮುಚ್ಚಿ, ಹಸಿ ಆರದಂತೆ ನೋಡಿಕೊಳ್ಳಬೇಕು. ಮಣ್ಣಿನ ಪಿಎಚ್ ಅಂಕಿ ಬದಲಾಗದಿದ್ದರೂ ಗಂಧಕದ ಕಣಗಳ ಸುತ್ತಲಿನ ಮಣ್ಣಿನಲ್ಲಿ ಕಬ್ಬಿಣ, ರಂಜಕ ಕರಗುತ್ತವೆ. ಕೊಟ್ಟಿಗೆ ಗೊಬ್ಬರ ಕೊಳೆಯುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಕೂಡ ಸುಣ್ಣದ ಮಣ್ಣಿನ ಪಿಎಚ್ ಅನ್ನು ಒಂದಿಷ್ಟು ತಗ್ಗಿಸುತ್ತದೆ.

ಈಗಾಗಲೇ ಹಳದಿಯಾದ ಗಿಡಕ್ಕೆ ಗಂಧಕ ಹೊತ್ತಿಗೆ ಒದಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ, ಹೊಸ ಎಲೆ ಬಂದಂತೆ ವಾರ ಹತ್ತು ದಿನಕ್ಕೊಮ್ಮೆ ಮತ್ತೆ ಸಿಂಪಡಿಸಬೇಕು. ಮಣ್ಣಿಗೇ ಕೊಡುವುದಾದರೆ ಇಡಿಡಿಎಚ್‌ಎ ರೂಪದ ಕಬ್ಬಿಣವನ್ನೇ ಕೇಳಿ ತನ್ನಿ. ಅಗ್ಗದ ಇಡಿಟಿಎ ರೂಪದ್ದು ಇಷ್ಟು ಪಿಎಚ್‌ನಲ್ಲಿ ನಿಲ್ಲುವುದಿಲ್ಲ.

ಪಿಎಚ್ 8.5 ದಾಟಿದ್ದರೆ ಮಾತು ಬೇರೆ. ಅಲ್ಲಿ ಸುಣ್ಣದ ಜೊತೆ ಸೋಡಿಯಂ ಸೇರಿರುವ ಸಾಧ್ಯತೆ ಹೆಚ್ಚು. ಅಂಥ ಸವಳು ಮಣ್ಣಿಗೆ ಜಿಪ್ಸಂ, ಬಸಿಗಾಲುವೆಗಳ ಪ್ರತ್ಯೇಕ ಚಿಕಿತ್ಸೆ ಬೇಕು.

ಗಂಧಕ ನಿಜವಾಗಿ ಫಲ ಕೊಡುವಲ್ಲಿ

ನೊರೆ ಬಾರದ ಕೆಂಪು ಮಣ್ಣನ್ನು ತಂದು ಎತ್ತರದ ಮಡಿ ಮಾಡಿದ್ದು, ಅದರ ಪಿಎಚ್ 7.8 ಇದೆ ಎಂದರೆ ಗಂಧಕ ಖಂಡಿತ ಕೆಲಸ ಮಾಡುತ್ತದೆ. ಪ್ರಮಾಣವನ್ನು ಕುಂಡದಲ್ಲೇ ಕಂಡುಕೊಳ್ಳಬಹುದು. ಮೂರು ಕುಂಡಗಳಿಗೆ ಎರಡೆರಡು ಕಿಲೊ ಮಣ್ಣು ಹಾಕಿ. ಒಂದನ್ನು ಹಾಗೇ ಬಿಟ್ಟು, ಎರಡನೆಯದಕ್ಕೆ 2 ಗ್ರಾಂ, ಮೂರನೆಯದಕ್ಕೆ 4 ಗ್ರಾಂ ಗಂಧಕ ಬೆರೆಸಿ. ಶೇಕಡಾ 80ರ ಪುಡಿಯಾದರೆ 2.5 ಮತ್ತು 5 ಗ್ರಾಂ. ನೀರು ನಿಲ್ಲದಂತೆ ಹಸಿಯಾಗಿಟ್ಟು, ಎಂಟು ವಾರದ ಮೇಲೆ ಪ್ರತಿ ಕುಂಡದಿಂದ 20 ಗ್ರಾಂ ಮಣ್ಣನ್ನು 50 ಮಿಲಿಲೀಟರ್ ಭಟ್ಟಿ ನೀರಿನಲ್ಲಿ ಕಲಸಿ ಅರ್ಧ ಗಂಟೆ ಬಿಟ್ಟು ಪಿಎಚ್ ನೋಡಿ. ಕಿಲೊ ಮಣ್ಣಿಗೆ ಒಂದು ಗ್ರಾಂ ಎಂದರೆ ಮಡಿಯಲ್ಲಿ ಚದರ ಮೀಟರಿಗೆ ಸುಮಾರು 200 ಗ್ರಾಂ ಎಂದು ಲೆಕ್ಕ. 10 ಅಡಿ ಉದ್ದ, 4 ಅಡಿ ಅಗಲದ ಮಡಿಗೆ ಅದು 740 ಗ್ರಾಂ, ಎರಡು ಕಂತಿನಲ್ಲಿ ಹಾಕಬೇಕು. ಎಂಟು ವಾರದ ಮೇಲೂ ಮೂರು ಕುಂಡಗಳ ಪಿಎಚ್ ಒಂದೇ ಇದ್ದರೆ, ಆ ಮಣ್ಣಿನಲ್ಲೂ ಸುಣ್ಣ ಅಡಗಿದೆ ಎಂದೇ ತಿಳಿಯಬೇಕು.

ಪುಡಿ ಕಣ್ಣು, ಮೂಗಿಗೆ ಉರಿ ತರುತ್ತದೆ, ಬೆಂಕಿಗೂ ಬೇಗ ಹೊತ್ತಿಕೊಳ್ಳುತ್ತದೆ. ಗಾಳಿಯಿಲ್ಲದ ಹೊತ್ತಿನಲ್ಲಿ ಮುಖಗವಸು ಹಾಕಿಕೊಂಡು ಬೆರೆಸಿ.

ಗಂಧಕದ ಚೀಲ ಕೊಳ್ಳುವ ಮೊದಲು ವಿನೆಗರ್ ಪರೀಕ್ಷೆ ಮಾಡಿ. ನೊರೆ ಬಂದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸುಣ್ಣದ ಅಂಶದ ಪರೀಕ್ಷೆಯ ಬಗ್ಗೆ ವಿಚಾರಿಸಿ, ಬಂದ ಶೇಕಡಾವಾರು ಅಂಕಿಯಿಂದ ಈ ಲೆಕ್ಕವನ್ನು ನೀವೇ ಹಾಕಿ ನೋಡಿ. ಆ ಒಂದು ಅಂಕಿ ಕೈಯಲ್ಲಿಲ್ಲದೆ ಯಾರೂ ನಿಮಗೆ ಗಂಧಕದ ಸರಿಯಾದ ಪ್ರಮಾಣ ಹೇಳಲಾರರು.