ಅರ್ಜಿಗೂ ಮೊದಲು ಒಂದು ರಫ್ ಹಾಳೆ

ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿರುವ ನಮ್ಮ ಓಣಿಯ ಹುಡುಗಿ, ಬೆಂಗಳೂರಿನ ಕೆಲಸವೊಂದಕ್ಕೆ ಬರೆದ ಅರ್ಜಿಯನ್ನು ತಂದು ತೋರಿಸಿದಳು. ಶ್ರಮಜೀವಿ, ಪ್ರಾಮಾಣಿಕಳು, ಎಲ್ಲರೊಂದಿಗೆ ಹೊಂದಿಕೊಂಡು ಹೋಗುವವಳು ಎಂದೆಲ್ಲ ಇತ್ತು. ಸುಳ್ಳೇನಲ್ಲ. ಆದರೆ ಹೆಸರೊಂದನ್ನು ಬದಲಿಸಿದರೆ ಅದನ್ನು ಯಾರು ಬೇಕಾದರೂ ಕಳಿಸಬಹುದಿತ್ತು.

"ಮತ್ತೇನು ಬರೀಲಿ ಅಂಕಲ್? ನಾನು ಮಾಡೋದು ಬಿಲ್ಲು ಹಾಕೋದು, ಅಷ್ಟೇ" ಅಂದಳು.

ಪತ್ರವನ್ನು ಪಕ್ಕಕ್ಕಿಡು, ಹಳೇ ನೋಟ್‌ಬುಕ್ಕಿನ ಎರಡು ಹಾಳೆ ತಗೋ ಅಂದೆ. ಕನ್ನಡದಲ್ಲೇ, ಬಾಯಿಗೆ ಬಂದ ಹಾಗೆ ಬರಿ ಎಂದೂ ಹೇಳಿದೆ. ಕಳಿಸುವ ಪತ್ರ ಇಂಗ್ಲಿಷಿನಲ್ಲೇ ಇರಲಿ. ನೆನಪು ಮಾತ್ರ ಮನೆಮಾತಿನಲ್ಲಿ ಬೇಗ ಬಿಚ್ಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಶುರು ಮಾಡಿದವರು ಮೊದಲ ಸಾಲಿಗೇ ವ್ಯಾಕರಣದ ಭಯಕ್ಕೆ ಸಿಕ್ಕಿ ಶ್ರಮಜೀವಿಗಳಾಗಿಬಿಡುತ್ತಾರೆ.

ನೆನಪೊಂದನ್ನೇ ನಂಬಿ ಕೂತರೆ ಹಾಳೆ ತುಂಬುವುದಿಲ್ಲ. ಬಿಲ್ಲುಗಳಿಗೆ ಕ್ರಮಸಂಖ್ಯೆ ಇರುತ್ತದಲ್ಲ, ತನ್ನ ಪಾಳಿಯ ಮೊದಲ ಮತ್ತು ಕೊನೆಯ ನಂಬರು ನೋಡಿಕೊಂಡು ಬಾ ಅಂದೆ. ಮೂರು ದಿನ ನೋಡಿದಳು: ಸೋಮವಾರ 92, ಉಳಿದೆರಡು ದಿನ 71 ಮತ್ತು 68. ಹಾಗಾಗಿ ಹಾಳೆಯಲ್ಲಿ ಬಿದ್ದದ್ದು "ದಿನಕ್ಕೆ ಸುಮಾರು 70ರಿಂದ 90 ಬಿಲ್ಲು". ದೊಡ್ಡದು ಕಾಣಲಿ ಎಂದು ಸೋಮವಾರದ ಲೆಕ್ಕವನ್ನೇ ವಾರಕ್ಕೆಲ್ಲ ಹಚ್ಚುವುದು ಬೇಡ. ಸಂದರ್ಶನದಲ್ಲಿ "ಹೇಗೆ ಲೆಕ್ಕ ಹಾಕಿದಿರಿ?" ಎಂದು ಕೇಳಿದರೆ ಒಂದೇ ಉಸಿರಿಗೆ ಹೇಳಲು ಬರದ ಅಂಕಿ ಪತ್ರದಲ್ಲಿ ಇರಬಾರದು.

ಮೆಚ್ಚುಗೆಯ ಮಾತಿಗೆ ಮೊಬೈಲ್ ಹುಡುಕಿದಳು. "ಈ ತಿಂಗಳು ನಿನ್ನ ಕ್ಯಾಷಲ್ಲಿ ಒಂದು ರೂಪಾಯಿ ವ್ಯತ್ಯಾಸ ಇಲ್ಲ" ಎಂದು ಮ್ಯಾನೇಜರು ವಾಟ್ಸಾಪಿನಲ್ಲಿ ಹಾಕಿದ್ದ ಸಾಲು ಸಿಕ್ಕಿತು. ಅದನ್ನು ತಿದ್ದದೆ, ಯಾರು, ಯಾವ ತಾರೀಕು ಎಂದು ಸೇರಿಸಿ ಹಾಗೇ ಇಳಿಸಿಕೊಂಡಳು. "ಮೇಲಧಿಕಾರಿಗಳ ಪ್ರಶಂಸೆಗೆ ಪಾತ್ರಳಾಗಿದ್ದೇನೆ" ಎಂದು ಬರೆದುಕೊಂಡಿದ್ದರೆ ಆ ಒಂದು ರೂಪಾಯಿ ಅಲ್ಲೇ ಮಾಯವಾಗುತ್ತಿತ್ತು.

ನಿಜವಾದ ಸರಕು ಸಿಕ್ಕಿದ್ದು ಅವಳು ಕೆಲಸವೆಂದೇ ಎಣಿಸದ ಜಾಗದಲ್ಲಿ. ಕ್ಯಾಷ್‌ಲೆಸ್ ವಿಮೆಯ ರೋಗಿ ಡಿಸ್ಚಾರ್ಜ್ ಆಗುವಾಗ ಫೈಲು ವಿಮೆಯವರಿಗೆ ಹೋಗುತ್ತದೆ. ಒಂದು ಕಾಗದ ಕಮ್ಮಿಯಿದ್ದರೂ ಕ್ವೆರಿ ಹಾಕಿ ವಾಪಸ್ ಕಳಿಸುತ್ತಾರೆ. ಡಿಸ್ಚಾರ್ಜ್ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಹೇಳಿದೆ. ಕಾಗದವೇ ಪೂರ್ತಿ ಇಲ್ಲದಿದ್ದರೆ ರೋಗಿಯ ಮನೆಯವರು ಕೌಂಟರಿನ ಮುಂದೆ ಕಾಯುವುದು ತಪ್ಪದು. ಈ ಜಗಳ ಕೇಳಿ ಕೇಳಿ ಸಾಕಾಗಿ, ಯಾವ ಫೈಲಿಗೆ ಏನೇನು ಲಗತ್ತಿಸಬೇಕೆಂದು ಒಂದು ಪಟ್ಟಿ ಬರೆದು ಕೌಂಟರಿನ ಗಾಜಿಗೆ ಅಂಟಿಸಿದ್ದಳು. "ಅದೇನು ದೊಡ್ಡದು ಅಂಕಲ್, ಒಂದು ಚೀಟಿ."

ರಿಜಿಸ್ಟರ್ ತೆಗೆಸಿ ಎಣಿಸಿದಾಗ ಚೀಟಿಯ ತೂಕ ಗೊತ್ತಾಯಿತು. ಅಂಟಿಸುವ ಹಿಂದಿನ ಮೂರು ತಿಂಗಳಲ್ಲಿ ಹೋದ 118 ಫೈಲುಗಳಲ್ಲಿ ವಾಪಸ್ ಬಂದದ್ದು 29, ಅಂದರೆ ನಾಲ್ಕರಲ್ಲಿ ಒಂದು. ನಂತರದ ಮೂರು ತಿಂಗಳಲ್ಲಿ 124ರಲ್ಲಿ 11, ಅಂದರೆ ಹನ್ನೊಂದರಲ್ಲಿ ಒಂದು. ಬರೀ "11ಕ್ಕೆ ಇಳಿಯಿತು" ಎಂದರೆ ಫೈಲುಗಳೇ ಕಡಿಮೆಯಾಗಿದ್ದವೇನೋ ಎಂಬ ಅನುಮಾನ ಬರುತ್ತದೆ; ಒಟ್ಟು ಎಷ್ಟು ಎಂಬುದು ಜೊತೆಗಿರಬೇಕು. ಇನ್ನೊಂದು ಮಾತೂ ಇತ್ತು. ಅದೇ ಹೊತ್ತಿಗೆ ವಿಮೆ ವಿಭಾಗಕ್ಕೆ ಹೊಸಬನೊಬ್ಬ ಸೇರಿದ್ದ, ಚುರುಕಿನ ಹುಡುಗ. ಹಾಗಾಗಿ "ನಾನು ಇಳಿಸಿದೆ" ಎನ್ನದೆ "ನಾನು ಮಾಡಿದ ಪಟ್ಟಿಯನ್ನು ಇಬ್ಬರೂ ಬಳಸಿದೆವು" ಎಂದು ಹಾಳೆಯಲ್ಲೇ ಗುರುತು ಹಾಕಿಕೊಂಡಳು. ಅವನ ಪಾಲನ್ನೂ ತಾನೇ ನುಂಗಿದ್ದರೆ ಹಳೇ ಆಸ್ಪತ್ರೆಗೆ ಒಂದು ಫೋನ್ ಹೋದರೆ ಸಾಕು, ಗುಟ್ಟು ರಟ್ಟು.

ರೋಗಿಗಳ ಹೆಸರು, ಫೈಲಿನ ಫೋಟೋ ಯಾವುದನ್ನೂ ಮನೆಗೆ ತರಬೇಡ, ಎಣಿಕೆ ಸಾಕು ಎಂದು ಹೇಳಿದ್ದೆ. ಹಾಗೇ ಮಾಡಿದಳು.

ಎರಡು ಸಂಜೆಯಲ್ಲಿ 23 ಸಾಲು ಆದವು. ಆಮೇಲೆ ಜಾಹೀರಾತನ್ನು ಪಕ್ಕದಲ್ಲಿಟ್ಟುಕೊಂಡೆವು. ಅವರು ಕೇಳಿದ್ದು ಕ್ಯಾಷ್‌ಲೆಸ್ ಅನುಭವ, ನಗದಿನ ಲೆಕ್ಕ, ಹೊಸಬರಿಗೆ ಕೆಲಸ ಕಲಿಸುವುದು. ಮೂರಕ್ಕೂ ಹಾಳೆಯಲ್ಲಿ ಒಂದೊಂದು ಸಾಲು ಇತ್ತು. ಆ ಮೂರೇ ಪತ್ರಕ್ಕೆ ಹೋದವು, ಉಳಿದ 20 ಹಾಳೆಯಲ್ಲೇ ಉಳಿದವು. ಇಪ್ಪತ್ಮೂರನ್ನೂ ತುರುಕಿದ್ದರೆ ಅದು ಕಿರಾಣಿ ಚೀಟಿಯಾಗುತ್ತಿತ್ತು. ಪತ್ರ ಬರೆಯಲು ಹಿಡಿದದ್ದು ಮುಕ್ಕಾಲು ಗಂಟೆ.

ನೀವೂ ಕೆಲಸ ಬದಲಿಸುವ ಯೋಚನೆಯಲ್ಲಿದ್ದರೆ ಈ ಎಣಿಕೆಯನ್ನು ರಾಜೀನಾಮೆ ಕೊಡುವ ಮೊದಲೇ ಮುಗಿಸಿಕೊಳ್ಳಿ. ಬಿಟ್ಟ ಮೇಲೆ ಲಾಗಿನ್ ಬಂದ್ ಆಗುತ್ತದೆ, ರಿಜಿಸ್ಟರ್ ಮುಟ್ಟಲು ಯಾರೂ ಬಿಡುವುದಿಲ್ಲ.